1 ಒತ್ತಿದರೆ 14 ಬರುವ ಕೀಪ್ಯಾಡ್, ಮನೆಯವರಿಗೇ ಬೀಳುವ ಲಾಕ್

ಕೇಳಿದವರು

ಬಾಗಿಲಿಗೆ ಕೋಡ್ ಪ್ಯಾನೆಲ್ ಮಾಡಿದ್ದೇನೆ. ಆರ್ಡುಯಿನೋ ಊನೋ, 4×4 ಮೆಂಬ್ರೇನ್ ಕೀಪ್ಯಾಡ್. ಬೋರ್ಡ್ ಒಳಗೆ, ಕೀಪ್ಯಾಡ್ ಹೊರಗೆ, ನಡುವೆ 3 ಮೀಟರ್ ಶೀಲ್ಡ್ ಕೇಬಲ್. ಸ್ಕ್ಯಾನ್ ಕೋಡ್ ನಾನೇ ಬರೆದದ್ದು. 5 ಮಿಲಿಸೆಕೆಂಡಿಗೊಮ್ಮೆ ಪೋರ್ಟ್‌ಗಳನ್ನೇ ನೇರವಾಗಿ ಓದುತ್ತದೆ. ಟೇಬಲ್ ಮೇಲೆ ಒಂದು ತಪ್ಪೂ ಇರಲಿಲ್ಲ. ಬಾಗಿಲಿಗೆ ಹಾಕಿದ ಮೇಲೆ 1 ಒತ್ತಿದರೆ ಕೆಲವು ಸಲ 14 ಬರುತ್ತದೆ. ಐದು ಸಲ ತಪ್ಪಾದರೆ 5 ನಿಮಿಷ ಲಾಕ್, ಹಾಗಾಗಿ ಮನೆಯವರೇ ಹೊರಗೆ ನಿಲ್ಲುತ್ತಿದ್ದಾರೆ. ಇನ್ನೊಂದು, ಕರೆಂಟ್ ಹೋಗಿ ಬಂದರೆ ಆ 5 ನಿಮಿಷದ ಲಾಕ್ ತಾನಾಗೇ ಬಿಟ್ಟುಹೋಗುತ್ತದೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತಾ?

ಹವ್ಯಾಸಕ್ಕೆ ಮಾಡುವವರು

ಇದು ಡಿಬೌನ್ಸ್ ಸಮಸ್ಯೆ ಸರ್. ನನಗೂ ಆಗಿತ್ತು. ಒಂದು ಸಲ ಒತ್ತಿದರೆ ಎರಡು ಅಂಕಿ ಬರುತ್ತಿತ್ತು. 5 ಮಿಲಿಸೆಕೆಂಡಿನ ನಾಲ್ಕು ಸ್ಕ್ಯಾನ್‌ಗಳಲ್ಲೂ ಅದೇ ಕೀ ಕಂಡರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಕೈ ಎತ್ತಿದ್ದು ಖಚಿತವಾಗುವವರೆಗೆ ಮುಂದಿನ ಕೀ ಒಪ್ಪಬೇಡಿ. ನನಗೆ ಅಷ್ಟರಲ್ಲೇ ಸರಿಹೋಯಿತು.

ಇನ್ನೊಬ್ಬರು

ಮನೆಯವರೇ ಹೊರಗೆ ನಿಲ್ಲುತ್ತಾರೆ ಅಂದರೆ ಐದು ಸಲ ತುಂಬಾ ಕಡಿಮೆ. ಇಪ್ಪತ್ತು ಮಾಡಿ. ವಯಸ್ಸಾದವರಿಗೆ ಕೋಡ್ ನೆನಪಿರಲ್ಲ, ನಮ್ಮ ಮನೆಯಲ್ಲೂ ಇದೇ ಕಥೆ. ಹುಟ್ಟಿದ ದಿನಾಂಕ ಬೇಡ, ಕೈಗೆ ರೂಢಿಯಾಗುವ ಕೋಡ್ ಕೊಡಿ.

ಪ್ಯಾನೆಲ್ ಕೆಲಸ ಮಾಡುವವರು

ಅವರ ಮನೆಯವರು ಕೋಡ್ ಮರೆತಿಲ್ಲ. ಪ್ಯಾನೆಲ್ಲೇ ತಪ್ಪಾಗಿ ಓದುತ್ತಿದೆ. ಮಿತಿ ಇಪ್ಪತ್ತು ಮಾಡಿದರೆ ತಪ್ಪು ಓದುವುದು ನಿಲ್ಲಲ್ಲ, ಕಾಣದ ಹಾಗಾಗುತ್ತದೆ ಅಷ್ಟೇ.

ಡಿಬೌನ್ಸ್ ಇರಲೇಬೇಕು, ಆದರೆ ಇಲ್ಲಿ ಅದರಿಂದ ಮಾತ್ರ ಗುಣ ಕಾಣಲ್ಲ. ಸಂಪರ್ಕ ಪುಟಿದರೆ ಅದೇ ಕೀ ಎರಡು ಸಲ ಬರುತ್ತದೆ, 11 ಅಂತ. ನಿಮಗೆ ಬರುತ್ತಿರುವುದು 14. 4 ಎಲ್ಲಿದೆ ನೋಡಿ: 1ರ ಸರಿಯಾಗಿ ಕೆಳಗೆ, ಅದೇ ಕಾಲಂ, ಮುಂದಿನ ಸಾಲು. ಈಗ 2, 4, 5 ಒತ್ತಿ ನೋಡಿ. 25, 47, 58 ಬಂದರೆ ನನ್ನ ಊಹೆ ಸರಿ. ಕೊನೆಯ ಸಾಲಿನ 0 ಮಾತ್ರ ಯಾವಾಗಲೂ ಶುದ್ಧವಾಗಿ ಬರಬೇಕು. ಅದನ್ನು ಓದಿದ ಮೇಲೆ ಮೊದಲ ಸಾಲಿಗೆ ಬರುವಷ್ಟರಲ್ಲಿ 5 ಮಿಲಿಸೆಕೆಂಡ್ ಬಿಡುವಿರುತ್ತದೆ, ಅಲ್ವಾ.

ಆಗುತ್ತಿರುವುದು ಇಷ್ಟು. ನೀವು ಮೊದಲ ಸಾಲನ್ನು ಸೊನ್ನೆಗೆ ಎಳೆಯುತ್ತೀರಿ. 1 ಒತ್ತಿರುವುದರಿಂದ ಮೊದಲ ಕಾಲಂ ಕೂಡ ಸೊನ್ನೆಗೆ ಇಳಿಯುತ್ತದೆ. ಆಮೇಲೆ ಆ ಸಾಲು ಬಿಟ್ಟು ಎರಡನೆಯದಕ್ಕೆ ಹೋಗುತ್ತೀರಿ. ಕಾಲಂ ಮತ್ತೆ ಮೇಲೇಳಬೇಕು. ಅದನ್ನು ಎತ್ತಲು ಇರುವುದು ಚಿಪ್‌ನ ಒಳಗಿನ ಪುಲ್‌ಅಪ್ ಮಾತ್ರ, 20ರಿಂದ 50 ಕಿಲೋಓಮ್. ಕೇಬಲ್ ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ. 3 ಮೀಟರ್ ಶೀಲ್ಡ್ ಕೇಬಲ್‌ಗೆ 400 ಪಿಕೋಫ್ಯಾರಡ್ ಅಂದುಕೊಳ್ಳಿ. 40 ಕಿಲೋಓಮ್‌ನೊಂದಿಗೆ ಗುಣಿಸಿದರೆ 16 ಮೈಕ್ರೋಸೆಕೆಂಡ್. ಪೋರ್ಟ್ ನೇರವಾಗಿ ಓದುವ ಕೋಡ್ ಒಂದು ಮೈಕ್ರೋಸೆಕೆಂಡಿನಲ್ಲೇ ಎರಡನೇ ಸಾಲನ್ನು ಓದಿ ಮುಗಿಸಿರುತ್ತದೆ. ಕಾಲಂ ಇನ್ನೂ ಕೆಳಗೇ ಇದೆ. ಹಾಗಾಗಿ 4 ಒತ್ತಿದ ಹಾಗೆ ಕಾಣುತ್ತದೆ. ಪ್ರತಿ ಸ್ಕ್ಯಾನ್‌ನಲ್ಲೂ ಹೀಗೇ ಕಾಣುವುದರಿಂದ ಡಿಬೌನ್ಸ್‌ಗೆ ಅದು ನಿಜವಾದ ಕೀ ಅಂತಲೇ ಅನಿಸುತ್ತದೆ. ಟೇಬಲ್ ಮೇಲೆ ಗಿಡ್ಡ ತಂತಿ ಇತ್ತು, ಅದಕ್ಕೇ ಅಲ್ಲಿ ಸರಿಯಿತ್ತು.

```
for (byte r = 0; r < 4; r++) {
  digitalWrite(row[r], LOW);
  pinMode(row[r], OUTPUT);
  delayMicroseconds(50);
  readColumns(r);
  digitalWrite(row[r], HIGH);
  pinMode(row[r], INPUT);
}
```

ಕೋಡ್‌ನ ಕೊನೆಯ ಎರಡು ಆದೇಶ ಮುಖ್ಯ. ಕೀಪ್ಯಾಡ್‌ನ ಸಾಲನ್ನು ಸುಮ್ನೆ ಬಿಡುವ ಬದಲು ಒಂದು ಕ್ಷಣ ಮೇಲೆ ಎಳೆದರೆ, ಒತ್ತಿರುವ ಕೀ ಮೂಲಕವೇ ಕಾಲಂ ಬೇಗ ತುಂಬಿಕೊಳ್ಳುತ್ತದೆ. ಆಮೇಲೆ ಅದನ್ನು ಇನ್‌ಪುಟ್ ಮಾಡಿಬಿಡಿ. ಹೈ ಆಗಿಯೇ ಉಳಿಸಿದರೆ, ಒಂದೇ ಕಾಲಂನ ಎರಡು ಕೀ ಒತ್ತಿದಾಗ ಹೈ ಪಿನ್ನಿಗೂ ಲೋ ಪಿನ್ನಿಗೂ ನೇರ ಶಾರ್ಟ್ ಆಗುತ್ತದೆ.

ಆಫೀಸ್ ಬಾಗಿಲು ನೋಡಿಕೊಳ್ಳುವವರು

ನಮ್ಮಲ್ಲಿ ಕಾಲಂಗಳಿಗೆ ಹೊರಗಿನಿಂದ 4.7 ಕಿಲೋಓಮ್ ಪುಲ್‌ಅಪ್ ಹಾಕಿದ್ದೇವೆ. ತೇವ ಇದ್ದಾಗ ಮೆಂಬ್ರೇನ್ ಒಳಗೆ ಸೋರಿಕೆಯಾಗಿ ತಾನಾಗೇ ಕೀ ಬೀಳುತ್ತಿತ್ತು, ಅದೂ ನಿಂತಿತು.

ನಾನು ಹೇಳಬೇಕಾದದ್ದು ಬೇರೆ. ನಮ್ಮ ಹಳೆಯ ಪ್ಯಾನೆಲ್‌ನಲ್ಲಿ ಲಾಕ್ ಸಮಯಕ್ಕೆ `delay(300000)` ಬರೆದಿದ್ದರು. ಹೊರಗೆ ಯಾರೋ ಐದು ಸಲ ತಪ್ಪು ಒತ್ತಿ ಹೋದರು. ಒಳಗಿದ್ದವರು ಹೊರಗೆ ಬರುವ ಬಟನ್ ಒತ್ತಿದರೆ ಬಾಗಿಲು ತೆರೆಯಲಿಲ್ಲ, ಬಟನ್ ಓದುವುದೂ ಅದೇ ಕೋಡ್ ಆಗಿತ್ತು. ಐದು ನಿಮಿಷ ಒಳಗೇ ನಿಂತರು. ಅವತ್ತು ಏನಾದರೂ ಹೊತ್ತಿಕೊಂಡಿದ್ದರೆ ಏನು ಗತಿ ಅಂತ ಇವತ್ತಿಗೂ ಯೋಚನೆಯಾಗುತ್ತದೆ. ಈಗ ಆ ಬಟನ್ ಮ್ಯಾಗ್ನೆಟಿಕ್ ಲಾಕ್‌ನ ಕರೆಂಟನ್ನೇ ನೇರವಾಗಿ ಕಡಿಯುತ್ತದೆ. ಲಾಕ್ ಸಮಯ `millis()` ವ್ಯತ್ಯಾಸದಿಂದ ನೋಡುತ್ತೇವೆ.

ಹವ್ಯಾಸಕ್ಕೆ ಮಾಡುವವರು

25, 47 ನೋಡುವ ಉಪಾಯ ನನಗೆ ಗೊತ್ತಿರಲಿಲ್ಲ. ನನಗೆ ಬರುತ್ತಿದ್ದದ್ದು 11, 22. ಹಾಗಾದರೆ ನನ್ನದು ಬೇರೆ ತೊಂದರೆ. ಕರೆಂಟ್ ಹೋದಾಗ ಲಾಕ್ ಬಿಡುವುದಕ್ಕೆ, ಪ್ರತಿ ಕೋಡ್ ನೋಡುವ ಮೊದಲೇ ಇಇಪ್ರಾಮ್‌ನಲ್ಲಿ ಎಣಿಕೆ ಒಂದು ಏರಿಸಿ, ಸರಿ ಇದ್ದರೆ ಸೊನ್ನೆ ಮಾಡಬಹುದು ಅಲ್ವಾ?

ಪ್ಯಾನೆಲ್ ಕೆಲಸ ಮಾಡುವವರು

ಭದ್ರತೆಗೆ ಅದು ಗಟ್ಟಿ ಕ್ರಮ. ಆದರೆ ಊನೋದ ಇಇಪ್ರಾಮ್‌ನ ಒಂದು ಜಾಗಕ್ಕೆ 1,00,000 ಸಲ ಬರೆಯಬಹುದು ಅಂತ ಲೆಕ್ಕ. ದಿನಕ್ಕೆ 100 ಸಲ ತೆರೆಯುವ ಬಾಗಿಲಾದರೆ ದಿನಕ್ಕೆ 200 ಬರಹ, 500 ದಿನಕ್ಕೆ ಆ ಮಿತಿ ಮುಟ್ಟುತ್ತದೆ. ನಾನು ಮೊದಲು ಮೆಮೊರಿಯಲ್ಲೇ ಹೋಲಿಸುತ್ತೇನೆ. ತಪ್ಪಾದರೆ ತಕ್ಷಣ ಎಣಿಕೆ ಬರೆಯುತ್ತೇನೆ, ಅದಕ್ಕೆ 3 ಮಿಲಿಸೆಕೆಂಡ್ ಚಿಲ್ಲರೆ ಸಾಕು. ಬರೆದಾದ ಮೇಲೆ ಕೆಂಪು ದೀಪ, ಬೀಪ್. ಹಾಗಾಗಿ ತಪ್ಪು ಅಂತ ಹೊರಗಿನವರಿಗೆ ತಿಳಿದು ಕರೆಂಟ್ ತೆಗೆಯುವಷ್ಟರಲ್ಲಿ ಎಣಿಕೆ ಸೇರಿರುತ್ತದೆ. ಸರಿಯಾದ ಕೋಡ್ ಬಂದಾಗ `EEPROM.update()` ಬಳಸಿ. ಎಣಿಕೆ ಮೊದಲೇ ಸೊನ್ನೆ ಇದ್ದರೆ ಅದು ಬರೆಯುವುದೇ ಇಲ್ಲ.

ಬೋರ್ಡ್ ಶುರುವಾದಾಗ ಎಣಿಕೆ ಐದು ಇದ್ದರೆ ಲಾಕ್ ಸಮಯ ಮೊದಲಿನಿಂದ ಶುರುವಾಗಲಿ. ಲಾಕ್ ಇರುವಾಗ ಒತ್ತಿದ ಕೋಡ್ ಹೋಲಿಸಲೇಬೇಡಿ, ಇಲ್ಲದಿದ್ದರೆ ಬೀಪ್ ವ್ಯತ್ಯಾಸದಲ್ಲಿ ಉತ್ತರ ಸಿಕ್ಕಿಬಿಡುತ್ತದೆ.

ಆಫೀಸ್ ಬಾಗಿಲು ನೋಡಿಕೊಳ್ಳುವವರು

ಮೊದಲಿನಿಂದ ಶುರು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಕರೆಂಟ್ ಪದೇ ಪದೇ ಹೋಗುವ ಕಡೆ ಸರಿಯಾದ ಜನರೇ ಕಾಯಬೇಕಾಗುತ್ತದೆ. ನಾವು ಮೊದಲ ಲಾಕ್ 30 ಸೆಕೆಂಡ್, ಆಮೇಲಿನ ಪ್ರತಿ ತಪ್ಪಿಗೆ ದುಪ್ಪಟ್ಟು, ಹೆಚ್ಚೆಂದರೆ 5 ನಿಮಿಷ ಇಟ್ಟಿದ್ದೇವೆ.

ಪ್ಯಾನೆಲ್ ಕೆಲಸ ಮಾಡುವವರು

ಅದೂ ಸಾಕಾಗುತ್ತದೆ. ನಾಲ್ಕು ಅಂಕಿಗೆ 10,000 ಕೋಡ್. ಲಾಕ್ ಇಲ್ಲದೆ ಒಂದಕ್ಕೆ 4 ಸೆಕೆಂಡ್ ಅಂದರೆ 11 ಗಂಟೆಯಲ್ಲಿ ಎಲ್ಲಾ ಮುಗಿಯುತ್ತದೆ. ಪ್ರತಿ ತಪ್ಪಿಗೆ 5 ನಿಮಿಷ ಕಾಯಿಸಿದರೆ 34 ದಿನ ದಾಟುತ್ತದೆ. ಆದರೆ ಪ್ಯಾನೆಲ್‌ನ ಅಡಾಪ್ಟರ್ ಹೊರಗಿನವರ ಕೈಗೆ ಸಿಗುವ ಹಾಗಿದ್ದರೆ ನಾನು ಪೂರ್ತಿ ಸಮಯವನ್ನೇ ಇಡುತ್ತೇನೆ.

ಕೇಳಿದವರು

ನೋಡಿದೆ. 25, 47, 58 ಬಂತು. 0 ಒಂದು ಸಲವೂ ತಪ್ಪಲಿಲ್ಲ. 50 ಮೈಕ್ರೋಸೆಕೆಂಡ್ ಕಾಯುವುದನ್ನು ಸೇರಿಸಿದೆ, ಕಾಲಂಗಳಿಗೆ 4.7 ಕಿಲೋಓಮ್ ಹಾಕಿದೆ. ಎಲ್ಲಾ ಕೀಗಳನ್ನೂ ಸೇರಿಸಿ 200 ಸಲ ಒತ್ತಿದೆ, ಒಂದೂ ಜೋಡಿಯಾಗಿ ಬರಲಿಲ್ಲ. ನನ್ನ ಕೋಡ್‌ನಲ್ಲೂ `delay` ಇತ್ತು, ತೆಗೆದೆ. ಅಡಾಪ್ಟರ್ ಒಳಗೇ ಇದೆ, ಆದರೆ ಮೇನ್ ಸ್ವಿಚ್ ಮನೆಯ ಹೊರಗೆ. ಹಾಗಾಗಿ ಪೂರ್ತಿ ಸಮಯವೋ ದುಪ್ಪಟ್ಟು ಕ್ರಮವೋ ಇನ್ನೂ ತೀರ್ಮಾನಿಸಿಲ್ಲ. ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ಕೊಟ್ಟು ಆಮೇಲೆ ನೋಡುತ್ತೇನೆ.