ಬೆಳಗ್ಗೆ ಮುಖ ಊದಿಕೊಳ್ಳುವುದು: ನೀರಾ, ಉಪ್ಪಾ, ನಿದ್ದೆಯಾ?

ಸೀತಾಂಗೋಳಿಯವಳು:
ನನಗೆ 29 ವರ್ಷ. ಮಂಗಳೂರಿನಲ್ಲಿ ಕೆಲಸ, ದಿನಾ ಕುಂಬಳೆಯಿಂದ ರೈಲು. ಮಳೆ ಶುರುವಾದ ಮೇಲೆ ಬೆಳಗ್ಗೆ ಎದ್ದಾಗ ಕಣ್ಣಿನ ಕೆಳಗೆ, ಕೆನ್ನೆ ಎಲ್ಲ ಊದಿಕೊಂಡಿರುತ್ತದೆ. ಆಫೀಸಿಗೆ ಮುಟ್ಟುವಾಗ ಸರಿಯಾಗಿರುತ್ತದೆ. ಅಮ್ಮ "ರಾತ್ರಿ ನೀರು ಕುಡಿಯಬೇಡ" ಅಂತಾರೆ. ವೀಡಿಯೋದವರು "4 ಲೀಟರ್ ಕುಡಿಯಿರಿ" ಅಂತಾರೆ. ಮಲಗುವುದು 12 ಗಂಟೆಗೆ, ಏಳುವುದು 5.15ಕ್ಕೆ. ಯಾರಿಗಾದರೂ ಹೀಗೆ ಆಗಿತ್ತಾ? ಏನು ಮಾಡಿದಿರಿ?

ಉಪ್ಪಳದ ಜಿಮ್ ಹುಡುಗ:
ಅಕ್ಕ, ವೀಡಿಯೋದವರು ಹೇಳಿದ್ದೇ ಸರಿ. ನೀರು ಕಮ್ಮಿಯಾದರೆ ದೇಹ ಹೆದರಿ ಇದ್ದ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. 4 ಲೀಟರ್ ಕುಡಿದರೆ ಉಪ್ಪೆಲ್ಲ ತೊಳೆದು ಹೋಗುತ್ತದೆ. ರಾತ್ರಿ ಅನ್ನ ಬಿಡಿ. ನಾನು ಬಿಟ್ಟು ನಾಲ್ಕೇ ದಿನಕ್ಕೆ ದವಡೆ ಕಾಣಿಸಲು ಶುರುವಾಯಿತು.

ಮುಳ್ಳೇರಿಯದ ಮಾವ:
ಮುಖ ತುಂಬಿಕೊಂಡರೆ ಒಳ್ಳೆಯದಲ್ವಾ ಮಗಳೇ? ನನ್ನ ಕೆನ್ನೆ 40 ದಾಟಿದ ಮೇಲೆ ಒಳಗೆ ಹೋದದ್ದು, ನೇಂದ್ರ ಬಾಳೆಹಣ್ಣು, ತುಪ್ಪ ಎಷ್ಟು ತಿಂದರೂ ಮೇಲೆ ಬರಲಿಲ್ಲ. ನೀನು ಏನು ತಿನ್ನುತ್ತಿದ್ದೀ ಅಂತ ಹೇಳು, ನಾನೂ ತಿಂದು ನೋಡುತ್ತೇನೆ.

ಬದಿಯಡ್ಕದ ನರ್ಸಕ್ಕ:
ಮಾವ, ಅದು ಕೊಬ್ಬಿನ ಮಾತು, ಇದು ನೀರಿನ ಮಾತು. ಕೊಬ್ಬು ರಾತ್ರಿ ಬಂದು ಬೆಳಗ್ಗೆ ಹತ್ತಕ್ಕೆ ಹೋಗುವುದಿಲ್ಲ.

ನಾನು ಡಯಾಲಿಸಿಸ್ ವಾರ್ಡಿನಲ್ಲಿ 26 ವರ್ಷ ಕೆಲಸ ಮಾಡಿದವಳು. ಊದಿದ ಮುಖ ನೋಡಿಯೇ ದಿನ ಶುರುವಾಗುತ್ತಿತ್ತು. ಆದರೆ ತಂಗಿ, ನಾಲ್ಕು ವಿಷಯ ಗೊತ್ತಾಗದೆ ನಾನು ಏನೂ ಹೇಳುವುದಿಲ್ಲ. ರಾತ್ರಿ ಊಟ ಎಷ್ಟು ಹೊತ್ತಿಗೆ, ಎಂತ ಊಟ? ಮನೆಯಲ್ಲಿ ಎಷ್ಟು ಜನ, 1 ಕಿಲೋ ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬರುತ್ತದೆ? ಹಗಲು ಎಷ್ಟು ನೀರು ಕುಡಿಯುತ್ತೀಯಾ? ಆದಿತ್ಯವಾರ ತಡವಾಗಿ ಎದ್ದರೆ ಊತ ಎಷ್ಟು ಗಂಟೆಗೆ ಇಳಿಯುತ್ತದೆ?

ಸೀತಾಂಗೋಳಿಯವಳು:
ಊಟ 9.30ಕ್ಕೆ. ಮಳೆಗಾಲ ಅಲ್ವಾ, ತರಕಾರಿ ಕಮ್ಮಿ, ಅಮ್ಮ ಭರಣಿ ತೆಗೆದಿದ್ದಾರೆ. ಗಂಜಿ, ಹಲಸಿನ ಉಪ್ಪುಸೊಳೆ ಪಲ್ಯ, ನೀರುಮಾವಿನಕಾಯಿ ಗೊಜ್ಜು, ಹಪ್ಪಳ. ವಾರಕ್ಕೆ ನಾಲ್ಕು ದಿನ ಆದರೂ ಇದೇ. ನಾವು ನಾಲ್ಕು ಜನ, ಉಪ್ಪಿನ ಪ್ಯಾಕೆಟ್ 24 ದಿನ ಬರುತ್ತದೆ ಅಂತ ಅಮ್ಮ ಹೇಳಿದರು. ಹಗಲು ನೀರು ಜಾಸ್ತಿ ಕುಡಿಯುವುದಿಲ್ಲ, ರೈಲಿನ ಟಾಯ್ಲೆಟ್‌ಗೆ ಹೋಗಲಿಕ್ಕೆ ಆಗುವುದಿಲ್ಲ. ಮನೆಗೆ ಬಂದ ಮೇಲೆ ಒಂದು ಲೀಟರಿನ ಬಾಟಲಿ ಖಾಲಿ. ಆದಿತ್ಯವಾರ 8.30ಕ್ಕೆ ಏಳುತ್ತೇನೆ. ಆ ದಿನ ಮಾತ್ರ ಊತ ಇಳಿಯುವಾಗ 11 ಗಂಟೆ ಆಗುತ್ತದೆ. ಬಲ ಕೆನ್ನೆ ಸ್ವಲ್ಪ ಜಾಸ್ತಿ.

ಬದಿಯಡ್ಕದ ನರ್ಸಕ್ಕ:
ಬಲಕ್ಕೆ ತಿರುಗಿ ಮಲಗುತ್ತೀಯಾ ಅಂತಾಯಿತು. ಆದಿತ್ಯವಾರದ ಲೆಕ್ಕವೂ ಅದನ್ನೇ ಹೇಳುತ್ತದೆ. ಊತ ಗಡಿಯಾರ ನೋಡಿ ಇಳಿಯುತ್ತಿಲ್ಲ, ನೀನು ಎದ್ದು ಎಷ್ಟು ಹೊತ್ತಾಯಿತು ಅಂತ ನೋಡಿ ಇಳಿಯುತ್ತಿದೆ. ಹಗಲೆಲ್ಲ ರೈಲಿನಲ್ಲಿ, ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತಾಗ ನೀರು ಕಾಲಿನ ಕಡೆ ಸೇರುತ್ತದೆ. ಸಂಜೆ ಸಾಕ್ಸ್ ಬಿಚ್ಚಿದಾಗ ಗೆರೆ ಬೀಳುತ್ತದಲ್ಲ, ಅದೇ. ಮಲಗಿದ ಮೇಲೆ ಆ ನೀರು ಮೇಲಕ್ಕೂ ಹರಡುತ್ತದೆ. ಕಣ್ಣಿನ ಸುತ್ತಲಿನ ಚರ್ಮ ತೆಳು, ಒಳಗೆ ಸಡಿಲ, ಅಲ್ಲಿ ಮೊದಲು ಕಾಣುತ್ತದೆ. ಎದ್ದು ಓಡಾಡಿದರೆ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಇದು ಎಲ್ಲರಿಗೂ ಸ್ವಲ್ಪ ಆಗುತ್ತದೆ. ನಿನಗೆ ಮಳೆ ಶುರುವಾದ ಮೇಲೆ ಜಾಸ್ತಿಯಾಗಿದ್ದು ಯಾಕೆ ಅನ್ನುವುದಕ್ಕೆ ಉತ್ತರ ಭರಣಿಯಲ್ಲಿ ಉಂಟು.

ನಾಲ್ಕು ಜನ, 24 ದಿನ, 1 ಕಿಲೋ. ತಲೆಗೆ ದಿನಕ್ಕೆ ಸುಮಾರು 10 ಗ್ರಾಂ. ಎಲ್ಲವೂ ಹೊಟ್ಟೆಗೆ ಹೋಗುವುದಿಲ್ಲ, ಸ್ವಲ್ಪ ಚೆಲ್ಲಿಹೋಗುತ್ತದೆ ಅನ್ನು. ಆದರೆ ಸೊಳೆಗೆ, ಮಾವಿನಕಾಯಿಗೆ ಬೇಸಗೆಯಲ್ಲೇ ಹಾಕಿಟ್ಟ ಕಲ್ಲುಪ್ಪು ಈ ಲೆಕ್ಕದಲ್ಲಿ ಇಲ್ಲ. ಹಪ್ಪಳದ್ದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಹೇಳುವುದು 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ.

ಉಪ್ಪು ಎಷ್ಟು ನೀರು ಹಿಡಿಯುತ್ತದೆ ಅಂತ ನನಗೆ ಅರ್ಥವಾಗಿದ್ದು ಸಲೈನ್ ಬಾಟಲಿಯಿಂದ. ಡ್ರಿಪ್ಪಿಗೆ ಹಾಕುವ ನಾರ್ಮಲ್ ಸಲೈನ್ 1 ಲೀಟರಿನಲ್ಲಿ 9 ಗ್ರಾಂ ಉಪ್ಪು ಇರುತ್ತದೆ. ನಮ್ಮ ರಕ್ತಕ್ಕೆ ಹೊಂದುವ ಹದ ಅದು. ಹಾಗಾಗಿ ನೀನು ರಾತ್ರಿ 3 ಗ್ರಾಂ ಉಪ್ಪು ಜಾಸ್ತಿ ತಿಂದರೆ, ಅದು ಹೊರಗೆ ಹೋಗುವ ತನಕ ಸುಮಾರು 330 ಮಿಲಿ, ಒಂದು ದೊಡ್ಡ ಲೋಟ ನೀರನ್ನು ಜೊತೆಗೆ ಇಟ್ಟುಕೊಳ್ಳುತ್ತದೆ. ಬಾಯಾರಿಕೆ ಆಗುವುದೂ ಅದಕ್ಕೇ. ಕಿಡ್ನಿ ರಾತ್ರಿ ಹೊತ್ತು ಹಗಲಿಗಿಂತ ನಿಧಾನಕ್ಕೆ ಉಪ್ಪು ಬಿಡುತ್ತದೆ. 9.30ಕ್ಕೆ ತಿಂದದ್ದು 5.15ಕ್ಕೆ ಎಲ್ಲಿಗೆ ಹೋಗುತ್ತದೆ ಹೇಳು?

ಅಮ್ಮ ಹೇಳಿದ್ದರಲ್ಲಿ ಅರ್ಧ ಸತ್ಯ ಉಂಟು. ಬರೇ ನೀರು ಕುಡಿದರೆ ಆರೋಗ್ಯದ ಕಿಡ್ನಿ ಎರಡು ಮೂರು ಗಂಟೆಯಲ್ಲಿ ಹೊರಗೆ ಹಾಕುತ್ತದೆ, ನಿದ್ದೆ ಮಾತ್ರ ಹಾಳು. ಉಪ್ಪಿನ ಜೊತೆ ಕುಡಿದದ್ದು ನಿಲ್ಲುತ್ತದೆ. ಜಿಮ್ ತಮ್ಮ, ನೀರು ಕಮ್ಮಿಯಾದರೆ ದೇಹ ಹಿಡಿದಿಡುತ್ತದೆ ಅನ್ನುವುದು ನಿಜ, ಆಗ ಮೂತ್ರ ಗಾಢ ಹಳದಿ ಆಗುತ್ತದೆ. ಅದರಿಂದ ಮುಖ ಊದುವುದಿಲ್ಲ. ಸುಮ್ನೆ 4 ಲೀಟರ್ ಹೊಟ್ಟೆಗೆ ಸುರಿದರೆ ಉಪ್ಪು ಬೇಗ ತೊಳೆದುಹೋಗುವುದೂ ಇಲ್ಲ. ಒಮ್ಮೆಗೇ ಕುಡಿದರೆ ಅಪಾಯ ಬೇರೆ. ಅನ್ನ ಬಿಟ್ಟಾಗ ನಿನಗೆ ಇಳಿದದ್ದೂ ಬಹುಪಾಲು ನೀರೇ. ದೇಹ ಕೂಡಿಟ್ಟ ಸಕ್ಕರೆಯ ಅಂಶ ಖರ್ಚಾದಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ, ಅನ್ನ ತಿಂದ ದಿನ ವಾಪಸ್ ಬರುತ್ತದೆ.

ತಂಗಿ, ಒಂದು ಕೆಲಸ ಮಾಡು. ನಾಲ್ಕು ದಿನ ಏನೂ ಬದಲಿಸಬೇಡ. ಎದ್ದ ತಕ್ಷಣ ಒಂದೇ ಟ್ಯೂಬ್‌ಲೈಟ್ ಅಡಿ ಒಂದು ಫೋಟೋ, ಮೂತ್ರ ಹೋಗಿ ಬಂದು ತೂಕ. ಆಮೇಲೆ ಹತ್ತು ದಿನ ಊಟ 8 ಗಂಟೆಗೆ, ಹಪ್ಪಳ, ಗೊಜ್ಜು ರಾತ್ರಿ ಬೇಡ. ಸೊಳೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕು, ಮೂರು ಸಲ ನೀರು ಚೆಲ್ಲು, ಹಿಂಡು, ಒಂದು ತುಂಡು ಬಾಯಿಗೆ ಹಾಕಿ ನೋಡು. ಚಪ್ಪೆ ಅನಿಸಬೇಕು. ಪಲ್ಯಕ್ಕೆ ಬೇರೆ ಉಪ್ಪು ಹಾಕಬೇಡ. ನೀರನ್ನು ಬೆಳಗ್ಗೆ 10ರಿಂದ ಸಂಜೆ 5ರ ಒಳಗೆ ಆಫೀಸಿನಲ್ಲಿ ಕುಡಿ, ಮೂತ್ರ ತಿಳಿ ಹಳದಿ ಇರುವಷ್ಟು.

ಪೆರ್ಲದ ವೇಷಗಾರ:
ನಮ್ಮದು ರಾತ್ರಿಯ ಆಟ. ಬಣ್ಣ ತೆಗೆಯುವುದು ತೆಂಗಿನೆಣ್ಣೆ ಹಾಕಿ ತಿಕ್ಕಿ. ಬೆಳಗ್ಗೆ 7ಕ್ಕೆ ಮಲಗಿ ಮಧ್ಯಾಹ್ನ ಎದ್ದರೆ ಕಣ್ಣು ತೆರೆಯಲಿಕ್ಕೇ ಕಷ್ಟ. ನಾನು ರಾತ್ರಿ ಉಪ್ಪು ತಿನ್ನುವುದೇ ಕಮ್ಮಿ, ಬರೇ ಚಾ. ಇದಕ್ಕೆ ಎಂತ ಹೇಳುತ್ತೀರಿ ಅಕ್ಕ? ಬಾವಿ ನೀರು ಎರಚಿದರೆ ಸ್ವಲ್ಪ ಇಳಿಯುತ್ತದೆ.

ಬದಿಯಡ್ಕದ ನರ್ಸಕ್ಕ:
ನಿಮ್ಮದರಲ್ಲಿ ತಿಕ್ಕುವುದು, ಬಣ್ಣ ಚರ್ಮಕ್ಕೆ ಆಗದಿರುವುದು ಎರಡೂ ಇರಬಹುದು ಅಣ್ಣ. ತುರಿಕೆ, ಕೆಂಪು ಇದ್ದರೆ ಅಲರ್ಜಿ ಕಡೆ ನೋಡಬೇಕು. ಆಟ ಇಲ್ಲದ ದಿನ ಹೇಗಿರುತ್ತದೆ ಅಂತ ಬರೆಯಿರಿ. ತಣ್ಣೀರು ರಕ್ತನಾಳ ಕುಗ್ಗಿಸುತ್ತದೆ, ಸ್ವಲ್ಪ ಹೊತ್ತಿನ ಆಟ ಅದು.

ಮಂಜೇಶ್ವರದ ಅಮ್ಮ:
ನನ್ನ ಮಗನಿಗೆ ಆರು ವರ್ಷದಲ್ಲಿ ಹೀಗೇ ಬೆಳಗ್ಗೆ ಕಣ್ಣು ಊದುತ್ತಿತ್ತು. ಸೊಳ್ಳೆ ಕಚ್ಚಿದ್ದು ಅಂದುಕೊಂಡೆವು. ಮೊದಲು ತೋರಿಸಿದ ಕಡೆ ಅಲರ್ಜಿಗೆ ಸಿರಪ್ ಕೊಟ್ಟು ಕಳಿಸಿದರು. ಹತ್ತು ದಿನ ಕಳೆದ ಮೇಲೆ ಹೊಟ್ಟೆಯೂ ಊದಿತು, ಮೂತ್ರದಲ್ಲಿ ಸಾಬೂನಿನ ಹಾಗೆ ನೊರೆ. ಪ್ರೋಟೀನ್ ಹೋಗುತ್ತಿತ್ತು. ಎಲ್ಲದಕ್ಕೂ ಸೊಳೆ ಕಾರಣ ಅನ್ನಬೇಡಿ, ಒಂದು ಮೂತ್ರ ಪರೀಕ್ಷೆ ಮಾಡಿಸಿ.

ಬದಿಯಡ್ಕದ ನರ್ಸಕ್ಕ:
ಇವರು ಹೇಳಿದ್ದು ನಾನು ಮೊದಲೇ ಬರೆಯಬೇಕಿತ್ತು. ಮಧ್ಯಾಹ್ನ ಆದರೂ ಇಳಿಯದಿದ್ದರೆ, ಮೂತ್ರದಲ್ಲಿ ನೊರೆ ಹೋಗದೆ ಉಳಿದರೆ, ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದಾಗ ಗುಳಿ ಉಳಿದರೆ ಹತ್ತು ದಿನದ ಪರೀಕ್ಷೆ ಎಲ್ಲ ಬೇಡ, ಡಾಕ್ಟರ ಹತ್ತಿರ ಹೋಗು. ಮೂತ್ರ, ಕ್ರಿಯಾಟಿನಿನ್, ಥೈರಾಯ್ಡ್ ನೋಡುತ್ತಾರೆ. ತುಟಿ, ನಾಲಗೆ ಊದಿದರೆ, ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆ. ಬಸುರಿಯರಿಗೆ ಮುಖ ಒಮ್ಮೆಲೇ ಊದಿ ತಲೆನೋವು ಬಂದರೂ ಹಾಗೆಯೇ.

ಸೀತಾಂಗೋಳಿಯವಳು (ಎರಡು ವಾರದ ನಂತರ):
ಮೂತ್ರ ಪರೀಕ್ಷೆ ಮಾಡಿಸಿದೆ, ಪ್ರೋಟೀನ್ ಇಲ್ಲ. ಥೈರಾಯ್ಡ್ ಕೂಡ ಸರಿ ಉಂಟು.

ಮೊದಲ ನಾಲ್ಕು ದಿನ ಹಳೆಯ ಹಾಗೇ. ಫೋಟೋದಲ್ಲಿ ಬಲ ಕೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಅಚ್ಚು, ಕಣ್ಣಿನ ಕೆಳಗೆ ಚೀಲ. ಬದಲಿಸಿದ ಮೂರನೇ ಬೆಳಗ್ಗೆ ತೂಕ 700 ಗ್ರಾಂ ಕಮ್ಮಿ. ಖುಷಿಯಾಗಿ ಅಮ್ಮನಿಗೆ ಹೇಳಿದರೆ "ಅದು ನೀರು, ಹಾರಬೇಡ" ಅಂದರು, ಇಲ್ಲಿ ಬರೆದದ್ದು ಓದಿದ್ದಾರೆ. ಐದನೇ ದಿನದಿಂದ ಕೆನ್ನೆ ಇಳಿದದ್ದು ಫೋಟೋದಲ್ಲಿ ಸ್ಪಷ್ಟ. ಎಂಟನೇ ದಿನ ನೆಂಟರ ಮನೆ ಪೂಜೆ, ಮಧ್ಯಾಹ್ನ ಉಪ್ಪಿನಕಾಯಿ, ಹಪ್ಪಳ ಎಲ್ಲ ತಿಂದೆ, ರಾತ್ರಿ ಬರೇ ಗಂಜಿ. ಮರುದಿನ ಊತ ಇತ್ತು, ಆದರೆ ಅರ್ಧದಷ್ಟು.

ಎರಡು ಸಂಗತಿ ಲೆಕ್ಕಕ್ಕೆ ಸಿಗಲಿಲ್ಲ. ಆರನೇ ರಾತ್ರಿ ಕರೆಂಟ್ ಇಲ್ಲದೆ ನಾಲ್ಕೇ ಗಂಟೆ ನಿದ್ದೆ. ಊಟದಲ್ಲಿ ಉಪ್ಪು ಕಮ್ಮಿಯೇ ಇತ್ತು. ಆದರೂ ಬೆಳಗ್ಗೆ ಕಣ್ಣು ಊದಿತ್ತು, ಕೆನ್ನೆ ಮಾತ್ರ ಇರಲಿಲ್ಲ. ಕೊನೆಯ ಎರಡು ದಿನ ತಿಂಗಳಿನ ದಿನ ಹತ್ತಿರ ಬಂತು, ಆಗ ಏನು ಮಾಡಿದರೂ ತೂಕ ಮೇಲೆ, ಮುಖ ದಪ್ಪ. ಮತ್ತೆ, ತಮ್ಮ ನನ್ನದೇ ಊಟ ತಿನ್ನುತ್ತಾನೆ, ಅವನಿಗೆ ಎಂತದೂ ಆಗುವುದಿಲ್ಲ.

ಬದಿಯಡ್ಕದ ನರ್ಸಕ್ಕ:
ತಿಂಗಳಿನದ್ದು ಹಾರ್ಮೋನಿನಿಂದ, ತಾನೇ ಇಳಿಯುತ್ತದೆ. ನಿದ್ದೆಗೆಟ್ಟ ಕಣ್ಣನ್ನು ನಾನೂ ನೈಟ್ ಡ್ಯೂಟಿಯಲ್ಲಿ ನೋಡಿದ್ದೇನೆ, ಉಪ್ಪಿನಿಂದ ಅದನ್ನು ವಿವರಿಸಲು ಆಗುವುದಿಲ್ಲ. ಉಜ್ಜಿಕೊಂಡದ್ದೂ ಇರಬಹುದು. ಉಪ್ಪು ಒಬ್ಬೊಬ್ಬರಿಗೆ ಒಂದೊಂದು ಥರ. ತಮ್ಮನ ಮುಖ ಊದಲಿಲ್ಲ ಅಂತ ಅವನಿಗೆ ಹಪ್ಪಳ ಜಾಸ್ತಿ ಬಡಿಸಬೇಡ, ಬಿಪಿ ನೋಡಿಸು.

ಉಪ್ಪಳದ ಜಿಮ್ ಹುಡುಗ:
ಅಕ್ಕ, ನಾನು ಅನ್ನ ಶುರು ಮಾಡಿದೆ. ದವಡೆ ಹೋಯಿತು.

ಸೀತಾಂಗೋಳಿಯವಳು:
ಅಮ್ಮ ಕೇಳುತ್ತಿದ್ದಾರೆ, ಭರಣಿಯಲ್ಲಿ ಇನ್ನೂ ಅರ್ಧ ಸೊಳೆ ಉಂಟು, ಏನು ಮಾಡುವುದು ಅಂತ.

ಬದಿಯಡ್ಕದ ನರ್ಸಕ್ಕ:
ಆದಿತ್ಯವಾರ ಮಧ್ಯಾಹ್ನಕ್ಕೆ ರೊಟ್ಟಿ ಮಾಡಲು ಹೇಳು. ನೀರು ಮೂರು ಸಲ, ಮರೆಯಬೇಡ. ನನಗೂ ಎರಡು ಕಟ್ಟಿಡು.