ಪ್ರಮೋದನ ಫೋಟೋ, ಮನೆ ಗುಂಪಿನ ಜಗಳ

ಪ್ರಮೋದ: (ಫೋಟೋ) ಗೀಸರ್ ಹಾಕಿ ಇಪ್ಪತ್ತು ನಿಮಿಷಕ್ಕೆ ಈ ಎಂಸಿಬಿ ಸ್ವಿಚ್ ತಾನೇ ಆಫ್ ಆಗಿ ಬೀಳುತ್ತಿದೆ. ಎಂಸಿಬಿಗಳ ಪೆಟ್ಟಿಗೆಯ ಬಾಗಿಲ ಮೇಲಿರುವ ಕಂಪನಿಯದ್ದೇ 20 ಆಂಪಿಯರ್‌ದು ಆರ್ಡರ್ ಮಾಡುತ್ತಿದ್ದೇನೆ. ಯಾರಾದರೂ ಒಮ್ಮೆ ನೋಡಿ.

ರಶ್ಮಿ: ಅದರ ಮೇಲೆ 6000 ಅಂತ ಇದೆಯಲ್ಲೋ. 6 ಆಂಪಿಯರಾ? ಅದಕ್ಕೇ ಬೀಳುತ್ತಿದೆ.

ವಾಸು ಮಾವ: ಅಲ್ಲಮ್ಮ. ಚೌಕದೊಳಗಿನ 6000 ಶಾರ್ಟ್ ಆದಾಗಿನ ಲೆಕ್ಕ. ಅಷ್ಟು ಆಂಪಿಯರ್ ನುಗ್ಗಿದರೂ ಸಿಡಿಯದೆ ಕರೆಂಟ್ ಕಡಿಯುತ್ತದೆ ಅಂತ. ದಿನಾ ಹರಿಯುವ ಕರೆಂಟಿನದು ಬೇರೆ ಅಂಕಿ, ಪಕ್ಕದಲ್ಲೇ ಒಂದು ಅಕ್ಷರ ಇರುತ್ತದೆ.

ಪ್ರಮೋದ: ಹಾಗಾದರೆ ಸಿ 10. ಗೀಸರ್ 3000 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ 13 ಆಂಪಿಯರ್. 10ರದ್ದು ಬೀಳದೆ ಇನ್ನೇನು ಮಾಡುತ್ತದೆ ಮಾವ?

ವಾಸು ಮಾವ: ಲೆಕ್ಕ ಸರಿ. ಓದಿದ್ದು ಸರಿಯಾ? ಫ್ಲ್ಯಾಶ್ ಬೆಳಕು ಕೊನೆಯ ಅಂಕಿಯ ಮೇಲೇ ಕೂತಿದೆ. ಸೊನ್ನೆಯೂ ಇರಬಹುದು, ಆರೂ ಇರಬಹುದು. ನೀನು ಪಕ್ಕದ ಎಂಸಿಬಿಯಲ್ಲಿ ಸಿ 10 ನೋಡಿ ಇದನ್ನೂ ಹಾಗೇ ಓದಿದ್ದೀಯ.

ಪ್ರಮೋದ: 10 ಇರಲಿ 16 ಇರಲಿ, ನಾನು 20 ಹಾಕುತ್ತೇನಲ್ಲ. ಸುಮ್ನೆ ತಲೆ ಯಾಕೆ ಕೆಡಿಸಿಕೊಳ್ಳೋದು?

ವಾಸು ಮಾವ: ಅಲ್ಲೇ ಕೆಡೋದು. 10 ಆಗಿದ್ದರೆ 13 ಆಂಪಿಯರಿಗೆ ಸ್ವಲ್ಪ ಹೊತ್ತಿನ ಮೇಲೆ ಬೀಳುವುದು ಸಹಜ. 16 ಆಗಿದ್ದರೆ 13ಕ್ಕೆ ಬೀಳಲೇಬಾರದು. ಸ್ಟ್ಯಾಂಡರ್ಡ್ ಪ್ರಕಾರ 18 ಆಂಪಿಯರ್ ಹರಿದರೂ ಒಂದು ಗಂಟೆ ತಡೆಯಬೇಕು. ಹಾಗಿದ್ದೂ ಬೀಳುತ್ತಿದೆ ಅಂದರೆ ರೋಗ ಬೇರೆ. ಫ್ಲ್ಯಾಶ್ ಆರಿಸು, ಧೂಳನ್ನು ಒಣ ಬಟ್ಟೆಯಲ್ಲಿ ಒರೆಸು, ಬದಿಯಿಂದ ಟಾರ್ಚ್ ಹಿಡಿದು ಇನ್ನೊಂದು ಫೋಟೋ ಹಾಕು. ಮುಚ್ಚಳ ಬಿಚ್ಚಬೇಡ. ಮೈನ್ ಆಫ್ ಮಾಡಿದರೂ ಮೈನ್‌ಗೆ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಪ್ರಮೋದ: (ಫೋಟೋ) ಸಿ 16. ಮತ್ತೆ... ಎಂಸಿಬಿ ಮೇಲಿರೋ ಹೆಸರೇ ಬೇರೆ. ಬಾಗಿಲಿನ ಕಂಪನಿ ಅಲ್ಲ.

ಸರೋಜತ್ತೆ: ಪೆಟ್ಟಿಗೆ ಒಬ್ಬರದು, ಒಳಗಿರೋದು ಇನ್ನೊಬ್ಬರದು. ಸೀರೆ ಡಬ್ಬದಲ್ಲಿ ಹಳೇ ಬಟ್ಟೆ ಇಟ್ಟ ಹಾಗೆ 😄

ಪ್ರಮೋದ: ಯಾವ ಕಂಪನಿಯಾದರೇನು ಅತ್ತೆ? ಎಲ್ಲವೂ 18 ಮಿಲಿಮೀಟರ್ ಅಗಲ, ಅದೇ ಹಳಿಗೆ ಕೂರುತ್ತವೆ.

ವಾಸು ಮಾವ: ಹಳಿಗೆ ಕೂರುತ್ತವೆ, ನಿಜ. ಆದರೆ ಎಲ್ಲ ಎಂಸಿಬಿಗೂ ಒಟ್ಟಿಗೆ ಕರೆಂಟ್ ಕೊಡುವ ತಾಮ್ರದ ಪಟ್ಟಿ ಇದೆಯಲ್ಲ, ಬಾಚಣಿಗೆ ಥರದ್ದು? ಅದರ ಹಲ್ಲು ಹೋಗುವ ತೂತು ಕಂಪನಿಯಿಂದ ಕಂಪನಿಗೆ ಸ್ವಲ್ಪ ಮೇಲೆ ಕೆಳಗೆ ಇರಬಹುದು. ಹಲ್ಲು ಅರ್ಧ ಸಿಕ್ಕಿ ಸ್ಕ್ರೂ ಬಿಗಿದರೆ ಅಲ್ಲೇ ಕಾಯುತ್ತದೆ. ಎಂಸಿಬಿ ಮೇಲಿರುವ ಹೆಸರು, ಅದರ ಕೆಳಗಿನ ಸಣ್ಣ ಅಕ್ಷರದ ಮಾಡೆಲ್ ನಂಬರು, ಎರಡನ್ನೂ ಬರೆದುಕೋ.

ರಶ್ಮಿ: ಮಾವ, ಸಿ ಅಂದರೆ?

ವಾಸು ಮಾವ: ಎಷ್ಟು ಪಟ್ಟು ಕರೆಂಟ್ ಒಮ್ಮೆಲೇ ನುಗ್ಗಿದರೆ ತಕ್ಷಣ ಬೀಳಬೇಕು ಅಂತ. ಬಿ ಆದರೆ 3ರಿಂದ 5 ಪಟ್ಟು, ಸಿ ಆದರೆ 5ರಿಂದ 10. ಇವನದು ಇಪ್ಪತ್ತು ನಿಮಿಷಕ್ಕೆ ಬೀಳುತ್ತಿದೆ, ತಕ್ಷಣ ಅಲ್ಲ. ಅಂದರೆ ಒಳಗಿನ ಲೋಹದ ಪಟ್ಟಿ ಕಾದು ಬಾಗಿ ಬೀಳುತ್ತಿದೆ. ಪ್ರಮೋದ, ಫೋಟೋ ದೊಡ್ಡದು ಮಾಡಿ ನೋಡು. ಕೆಳಗಿನ ಅಂಚು ಪಕ್ಕದವಕ್ಕಿಂತ ಹಳದಿ ಆಗಿದೆ, ಅಲ್ವಾ?

ಪ್ರಮೋದ: ಹೌದು, ಸ್ವಲ್ಪ ಕಂದು. ಕೊಳೆ ಅಂದುಕೊಂಡಿದ್ದೆ.

ವಾಸು ಮಾವ: ಕೊಳೆಯಾಗಿದ್ದರೆ ನೀನು ಒರೆಸಿದಾಗಲೇ ಹೋಗುತ್ತಿತ್ತು. ಅಲ್ಲಿ ಸ್ಕ್ರೂ ಸಡಿಲ ಇರಬೇಕು. ಆ ಬಿಸಿಗೆ ಎಂಸಿಬಿ ಬೀಳುತ್ತಿದೆ. ಈಗ ನೀನು 20 ಹಾಕಿದ್ದರೆ ಬೀಳುವುದು ನಿಲ್ಲಬಹುದಿತ್ತು. ಸ್ಕ್ರೂ ಕಾಯುವುದು ನಿಲ್ಲುತ್ತಿರಲಿಲ್ಲ.

ರಶ್ಮಿ: ಅಯ್ಯೋ.

ಪ್ರಮೋದ: ವೈರ್ 2.5 ಸ್ಕ್ವೇರ್ ಎಂಎಂ ಮಾವ, ಸಾಲದಾ 20ಕ್ಕೆ?

ವಾಸು ಮಾವ: ಬಯಲಲ್ಲಿ ಎಳೆದ ವೈರ್ ಆದರೆ ಸಾಕು. ನಿನ್ನದು ಗೋಡೆಯೊಳಗಿನ ಪೈಪಿನಲ್ಲಿ ಬೇರೆ ವೈರುಗಳ ಜೊತೆ ಹೋಗಿದ್ದರೆ ಅಷ್ಟು ಹೊರಲಾರದು. ಗೀಸರ್ ಸಾಕೆಟ್ ಕೂಡ 16ರದ್ದು. 13 ಆಂಪಿಯರ್ ಸಾಮಾನಿಗೆ 20 ಯಾಕೆ ಬೇಕು ಹೇಳು?

(ಮರುದಿನ)

ಪ್ರಮೋದ: ಎಲೆಕ್ಟ್ರಿಷಿಯನ್ ಬಂದು ಹೋದರು. ಸ್ಕ್ರೂ ಒಂದೂವರೆ ಸುತ್ತು ಸಡಿಲ. ವೈರಿನ ತುದಿ ಕಪ್ಪಾಗಿ ಪ್ಲಾಸ್ಟಿಕ್ ಮುದುಡಿತ್ತು. ಕಪ್ಪಾದಷ್ಟು ಕತ್ತರಿಸಿ, ಹೊಸದಾಗಿ ಸುಲಿದು, ಹಳೇ ಎಂಸಿಬಿಯ ಕಂಪನಿಯದ್ದೇ ಸಿ 16 ಹಾಕಿದ್ದಾರೆ. ಅರ್ಧ ಗಂಟೆ ಗೀಸರ್ ಓಡಿತು, ಬೀಳಲಿಲ್ಲ.

ಸರೋಜತ್ತೆ: ಆರ್ಡರ್ ಮಾಡಿದ 20?

ಪ್ರಮೋದ: ಕ್ಯಾನ್ಸಲ್ ಮಾಡೋಕೆ ಮರೆತೆ ಅತ್ತೆ. ನಾಳೆ ಬರುತ್ತಂತೆ.