ಏಳನೇ ತಿಂಗಳಿನ ಆಂಟಿ-ಡಿ: ಹಾಕಿಸಿಕೊಂಡವರು, ಬಿಟ್ಟವರು ಹೇಳಿ

ತೀರ್ಥಹಳ್ಳಿಯಿಂದ: ನನ್ನದು ಓ ನೆಗೆಟಿವ್, ಮನೆಯವರದು ಬಿ ಪಾಸಿಟಿವ್. ಚೊಚ್ಚಲ ಬಸಿರು. ಪಾಸಿಟಿವ್ ಮಗುವಿನ ರಕ್ತದ ವಿರುದ್ಧ ನನ್ನ ಮೈ ಪ್ರತಿಕಾಯ ಮಾಡಿಕೊಳ್ಳದಂತೆ 28ನೇ ವಾರಕ್ಕೆ ಒಂದು ಆಂಟಿ-ಡಿ ಇಂಜೆಕ್ಷನ್, ಹೆರಿಗೆಯ ನಂತರ ಇನ್ನೊಂದು ಎನ್ನುತ್ತಾರೆ ಡಾಕ್ಟರ್. ಹೆರಿಗೆಯ ನಂತರದ್ದೇ ಸಾಕು ಎನ್ನುತ್ತಾರೆ ಅತ್ತೆ. ಹಾಕಿಸಿಕೊಂಡವರು ಹೇಳಿ.

ಸಾಗರದ ಅಮ್ಮ: ನಾನು ಎ ನೆಗೆಟಿವ್. ಮೊದಲ ಬಸಿರು ಮೂರು ತಿಂಗಳಿಗೇ ಹೋಯಿತು. ಗರ್ಭಕೋಶ ಸ್ವಚ್ಛ ಮಾಡಿ ಸಂಜೆಗೆ ಮನೆಗೆ ಕಳುಹಿಸಿದರು, ಇಂಜೆಕ್ಷನ್ನಿನ ಮಾತೇ ಯಾರ ಬಾಯಲ್ಲೂ ಬರಲಿಲ್ಲ. ಮುಂದಿನ ಬಸಿರಿನಲ್ಲಿ ಐಸಿಟಿ ಪರೀಕ್ಷೆ ಪಾಸಿಟಿವ್, ಅಂದರೆ ಕೂಸಿನ ರಕ್ತ ಒಡೆಯುವ ಪ್ರತಿಕಾಯ ನನ್ನ ರಕ್ತದಲ್ಲಿ ಆಗಲೇ ಇತ್ತು, ಅದು ಎಷ್ಟಿದೆ ಎಂದು ತೋರಿಸುವ ಟೈಟರ್ 1:64. ಎಷ್ಟಾದರೂ ಆಗಲಿ, ಈಗಲಾದರೂ ಕೊಡಿ ಎಂದು ಗೋಗರೆದೆ. ಮೈ ಒಮ್ಮೆ ಪ್ರತಿಕಾಯ ತಯಾರಿಸಲು ಕಲಿತ ಮೇಲೆ ಆಂಟಿ-ಡಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ ಎಂದರು. ಆಮೇಲೆ ಮಳೆಗಾಲದುದ್ದಕ್ಕೂ ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕೆ ಡಾಪ್ಲರ್‌ಗೆ ಅಲೆದಾಟ. ಕೂಸಿನ ಮಿದುಳಿನ ರಕ್ತನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಓಡುತ್ತದೆ ಎಂದು ನೋಡುತ್ತಾರೆ. ಕೂಸಿಗೆ ರಕ್ತ ಕಡಿಮೆಯಾದಷ್ಟೂ ವೇಗ ಹೆಚ್ಚು. 35ನೇ ವಾರದಲ್ಲಿ ಆ ವೇಗ ಮಿತಿ ದಾಟಿತು, ಅಂದೇ ಕೊಯ್ದು ತೆಗೆದರು. ಮಗುವಿನ ರಕ್ತವನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದು ಓ ನೆಗೆಟಿವ್ ರಕ್ತ ತುಂಬಿದರು. ಕಾರಿಗೆ ಪ್ರತಿ ಸಲ 4,500, ಸ್ಕ್ಯಾನಿಗೆ 2,000, ಮಗುವಿನ ಐಸಿಯುಗೆ ಒಂದೂವರೆ ಲಕ್ಷದ ಮೇಲೆ, ಡಿಸ್ಚಾರ್ಜ್ ದಿನ ಹತ್ತಿಗೂ ಸೂಜಿಗೂ ಬೇರೆ ಬಿಲ್ಲು. ಆ ದಿನ ಮೂರು ಸಾವಿರ ಚಿಲ್ಲರೆಯ ಒಂದು ಇಂಜೆಕ್ಷನ್ ಕೊಟ್ಟಿದ್ದರೆ ಇಷ್ಟೂ ಇರುತ್ತಿರಲಿಲ್ಲ.

ಹೊಸನಗರದ ಅಡಿಕೆ ತೋಟ: ನನ್ನ ಹೆಂಡತಿಗೆ ಎರಡೂ ಹೆರಿಗೆಯ ನಂತರವೇ ಕೊಡಿಸಿದ್ದು. ಮಕ್ಕಳಿಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಚೊಚ್ಚಲ ಮಗುವಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರುಗಳೇ ಹೇಳುತ್ತಾರೆ. ಮತ್ತೆ ಏಳನೇ ತಿಂಗಳಿನದು ಏಕೆ? ಮೆಡಿಕಲ್ ಶಾಪಿನವರ ಹೊಟ್ಟೆ ತುಂಬಲಿಕ್ಕೆ.

ಸಾಗರದ ಅಮ್ಮ: ನಿಮ್ಮ ಹೆಂಡತಿಯ ಅದೃಷ್ಟವನ್ನು ಊರಿಗೆಲ್ಲ ಹಂಚಬೇಡಿ ಅಣ್ಣ.

ರಕ್ತನಿಧಿಯ ನಿವೃತ್ತ, ಶಿವಮೊಗ್ಗ: ತೋಟದವರು ಹೇಳಿದ್ದರಲ್ಲಿ ಅರ್ಧ ಸರಿ. ಚೊಚ್ಚಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಆದರೆ ಈ ಇಂಜೆಕ್ಷನ್ ಇರುವುದೇ ಮುಂದಿನ ಮಗುವಿಗಾಗಿ. ಮಗುವಿನ ರಕ್ತ ತಾಯಿಯ ಮೈಗೆ ಸೇರುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ. ಕೊನೆಯ ಮೂರು ತಿಂಗಳಲ್ಲಿ ಸದ್ದಿಲ್ಲದೆ ಹನಿಯಷ್ಟು ಸೇರುವುದೂ ಉಂಟು. ಹೆರಿಗೆಯ ನಂತರದ್ದನ್ನು ಮಾತ್ರ ಕೊಟ್ಟರೆ ನೂರರಲ್ಲಿ ಒಬ್ಬಿಬ್ಬರು ತಾಯಂದಿರು ಅಷ್ಟರೊಳಗೇ ಪ್ರತಿಕಾಯ ಮಾಡಿಕೊಂಡಿರುತ್ತಾರೆ. 28ನೇ ವಾರದ್ದು ಅವರಿಗಾಗಿ. 300 ಮೈಕ್ರೋಗ್ರಾಂ ಹಾಕಿದರೆ ಸುಮಾರು ಹನ್ನೆರಡು ವಾರ ಕಾವಲಿರುತ್ತದೆ, ಅಷ್ಟು ಹೊತ್ತಿಗೆ ಹೆರಿಗೆ ಬಂದಿರುತ್ತದೆ.

ಒಂದು ಮಾತು, ತಂಗಿ. ಐಸಿಟಿಗೆ ರಕ್ತ ಕೊಟ್ಟ ಮೇಲೆಯೇ ಇಂಜೆಕ್ಷನ್ ಹಾಕಿಸಿಕೊಳ್ಳಿ. ಇಂಜೆಕ್ಷನ್ನೇ ಪ್ರತಿಕಾಯವಾದ್ದರಿಂದ ಆಮೇಲೆ ಪರೀಕ್ಷಿಸಿದರೆ ಸ್ವಲ್ಪ ಪಾಸಿಟಿವ್ ತೋರಿಸುತ್ತದೆ. ಆ ವರದಿ ಹಿಡಿದು ಅಳುತ್ತ ಬಂದವರನ್ನು ನಾನು ಬಹಳ ನೋಡಿದ್ದೇನೆ. ಇನ್ನೂ ಕೆಟ್ಟದ್ದೆಂದರೆ, ಪಾಸಿಟಿವ್ ಬಂದಿದೆ, ಇನ್ನು ಪ್ರಯೋಜನವಿಲ್ಲ ಎಂದು ಹೆರಿಗೆಯ ನಂತರದ್ದನ್ನು ಯಾರೋ ಬಿಡಿಸಿಬಿಡುತ್ತಾರೆ. ಹಾಕಿಸಿಕೊಂಡ ತಾರೀಖನ್ನು ತಾಯಿ ಕಾರ್ಡಿನ ಮೇಲೆ ಬರೆಸಿಡಿ.

ಕೊಪ್ಪದ ಟೀಚರ್: ನನಗೇಕೆ ಯಾರೂ ಕೊಡಲಿಲ್ಲ? ನಾನು ಓ ಪಾಸಿಟಿವ್, ಯಜಮಾನರು ಎ ಪಾಸಿಟಿವ್. ಮಗು ಹುಟ್ಟಿದ ಮರುದಿನವೇ ಅರಿಶಿನದಂತೆ ಹಳದಿ, ನೀಲಿ ದೀಪದ ಕೆಳಗೆ ಮಲಗಿಸಿದರು. ಗುಂಪು ಹೊಂದಲಿಲ್ಲ ಎಂದು ಆಮೇಲೆ ಹೇಳಿದರು. ಮೊದಲೇ ಹೇಳಿದ್ದರೆ ಎಷ್ಟು ದುಡ್ಡಾದರೂ ಕೊಡುತ್ತಿದ್ದೆ!

ರಕ್ತನಿಧಿಯ ನಿವೃತ್ತ, ಶಿವಮೊಗ್ಗ: ಟೀಚರ್, ನಿಮ್ಮದು ಓ ಮತ್ತು ಎ ನಡುವಿನ ತಕರಾರು. ಅದಕ್ಕೆ ಆಂಟಿ-ಡಿ ಕೆಲಸ ಮಾಡುವುದಿಲ್ಲ, ತಡೆಯುವ ಬೇರೆ ಇಂಜೆಕ್ಷನ್ನೂ ಇಲ್ಲ. ಹೆಚ್ಚಾಗಿ ದೀಪದಲ್ಲೇ ಇಳಿಯುತ್ತದೆ.

ಕೊಪ್ಪದ ಟೀಚರ್: ನಿಮಗೆ "ದೀಪದಲ್ಲೇ". ಗಾಜಿನಾಚೆ ನಿಂತು ನೋಡಿದವಳು ನಾನು.

ಆಗುಂಬೆ ಕಡೆಯವ: ಎಲ್ಲರೂ ವಾರದ ಲೆಕ್ಕ ಹೇಳುತ್ತೀರಿ, ಫ್ರಿಜ್ಜಿನ ಮಾತು ಯಾರೂ ಎತ್ತಲಿಲ್ಲ. ಮೊದಲೇ ತಂದಿಟ್ಟುಕೊಳ್ಳೋಣ ಎಂದು ಶಿವಮೊಗ್ಗದಿಂದ ಐಸ್ ಡಬ್ಬಿಯಲ್ಲಿ ತಂದೆವು. ಕರೆಂಟು ಹೋಗುತ್ತದೆಂದು ನಮ್ಮ ಅತ್ತಿಗೆ ಅದನ್ನು ಫ್ರೀಜರಿಗೆ ಹಾಕಿದರು. ಹೆಪ್ಪುಗಟ್ಟಿದ್ದನ್ನು ನರ್ಸ್ ಮುಟ್ಟಲೇ ಇಲ್ಲ. 3,200 ರೂಪಾಯಿ ಕಸದ ಬುಟ್ಟಿಗೆ, ಅಂಗಡಿಯವ ವಾಪಸ್ ತೆಗೆದುಕೊಳ್ಳಲಿಲ್ಲ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು ಎಂದು ಪೆಟ್ಟಿಗೆಯ ಮೇಲೆಯೇ ಇತ್ತು, ಓದುವವರು ಯಾರು?

ಹೊಸನಗರದ ಅಡಿಕೆ ತೋಟ: ಹೆರಿಗೆಗೆ ಮುಂಚೆ ಎರಡನೆಯದನ್ನು ಕೊಂಡವನೇ ಮೂರ್ಖ. ಮಗು ನೆಗೆಟಿವ್ ಹುಟ್ಟಿದರೆ ಅದು ಬೇಕೇ ಇಲ್ಲ.

ರಕ್ತನಿಧಿಯ ನಿವೃತ್ತ, ಶಿವಮೊಗ್ಗ: ಅದು ಸರಿ. ಹೊಕ್ಕುಳಬಳ್ಳಿಯ ರಕ್ತದಿಂದ ಮಗುವಿನ ಗುಂಪು ನೋಡಿಯೇ ಕೊಡುವುದು. ಆದರೆ 72 ಗಂಟೆಯೊಳಗೆ ಕೈಗೆ ಸಿಗುವಂತಿರಬೇಕು. ತಡವಾದರೆ ಕೊಡಬಾರದೆಂದಲ್ಲ, ಕೆಲವು ದಿನ ಕಳೆದರೂ ಕೊಡುತ್ತಾರೆ, ಭರವಸೆ ಮಾತ್ರ ಕಡಿಮೆ.

ಆಗುಂಬೆ ಕಡೆಯವ: ಮೂರ್ಖ ಎಂದಿರಲ್ಲ ತೋಟದವರೇ, ಜುಲೈ ತಿಂಗಳ ಭಾನುವಾರ ರಾತ್ರಿ ನಮ್ಮ ಕಡೆ ಆಂಟಿ-ಡಿ ಹುಡುಕಿ ನೋಡಿ.

ಹೊಸನಗರದ ಅಡಿಕೆ ತೋಟ: ಹೆರಿಗೆಯನ್ನು ಶಿವಮೊಗ್ಗದಲ್ಲಿ ಮಾಡಿಸಿ, ಮುಗಿಯಿತು.

ಸಾಗರದ ಅಮ್ಮ: ಕಾರಿನ ಬಾಡಿಗೆಯನ್ನು ನೀವು ಕೊಡುತ್ತೀರಾ?